ಉರಿ ಹೋಯಿತು, ಹುಣ್ಣು ಹೋಯಿತೆ?

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ 52 ವರ್ಷದ ಗುಮಾಸ್ತರೊಬ್ಬರನ್ನು ಊಹಿಸಿಕೊಳ್ಳಿ. ಹೀಗೆ ಒಬ್ಬರು ನಿಜವಾಗಿ ಇದ್ದಾರೆಂದು ಹೇಳುತ್ತಿಲ್ಲ. ಆದರೆ ಹೊಟ್ಟೆಯ ವೈದ್ಯರ ಬಳಿಗೆ ತಡವಾಗಿ ಹೋಗುವವರ ಕಥೆ ಹೆಚ್ಚೂಕಡಿಮೆ ಇದೇ ದಾರಿಯಲ್ಲಿ ಸಾಗುತ್ತದೆ. ದೀಪಾವಳಿಯ ಹೊತ್ತಿಗೆ ಇವರಿಗೆ ಎದೆಗುಂಡಿಗೆಯ ಕೆಳಗೆ ಉರಿ ಶುರುವಾಯಿತು. ಊಟವಾದ ಅರ್ಧ ಗಂಟೆಗೆ ಹೊಟ್ಟೆಯ ಮೇಲ್ಭಾಗ ಹಿಡಿದಂತಾಗುವುದು, ಹುಳಿತೇಗು, ಒಮ್ಮೊಮ್ಮೆ ವಾಕರಿಕೆ. ಹಬ್ಬದ ಎಣ್ಣೆ ತಿಂಡಿಯ ಫಲ ಎಂದುಕೊಂಡರು. ಮೊದಲು ಈನೋ, ಆಮೇಲೆ ಗುಲಾಬಿ ಬಣ್ಣದ ಸಿರಪ್ಪು. ಅದಕ್ಕೂ ಬಗ್ಗದಿದ್ದಾಗ ಮೆಡಿಕಲ್ ಶಾಪಿನ ಹುಡುಗ ಹತ್ತು ಮಾತ್ರೆಯ ಒಂದು ಶೀಟು ಕೊಟ್ಟು, ‘ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ತಗೊಳ್ಳಿ ಸಾರ್, ಗ್ಯಾಸ್ಟ್ರಿಕ್ ಸರಿಹೋಗುತ್ತೆ’ ಎಂದ. ನಾಲ್ಕನೆಯ ದಿನಕ್ಕೆ ಸರಿಹೋಯಿತು ಕೂಡ. ಶೀಟು ಮುಗಿದ ಮೇಲೆ ಎರಡು ವಾರ ಆರಾಮಾಗಿದ್ದರು. ಮತ್ತೆ ಉರಿ, ಮತ್ತೆ ಶೀಟು. ಯುಗಾದಿಯ ಹೊತ್ತಿಗೆ ಮಾತ್ರೆ ಅಂಗಿಯ ಜೇಬಿನ ಖಾಯಂ ಸಾಮಾನಾಗಿತ್ತು.

ಈ ಐದು ತಿಂಗಳಲ್ಲಿ ಅವರು ಮಾಡಿದ್ದು ಬೇಜವಾಬ್ದಾರಿ ಎನ್ನಲಾಗದು. ಕಾಯಿಲೆ ಬಂತು, ಔಷಧಿ ತಗೊಂಡರು, ವಾಸಿಯಾಯಿತು. ಮತ್ತೆ ಬಂತು, ಮತ್ತೆ ತಗೊಂಡರು. ತೊಡಕು ಇರುವುದು ‘ವಾಸಿಯಾಯಿತು’ ಎಂಬ ತೀರ್ಮಾನದಲ್ಲಿ. ಆಮ್ಲದ ಮಾತ್ರೆಗೆ ಉರಿ ಬಗ್ಗಿತೆಂದರೆ ಅಲ್ಲಿ ಆಮ್ಲ ತಾಕಿ ನೋಯುತ್ತಿತ್ತು ಎಂದಷ್ಟೇ ಗೊತ್ತಾಗುತ್ತದೆ. ಯಾವುದಕ್ಕೆ ತಾಕಿ ನೋಯುತ್ತಿತ್ತು ಎಂಬುದು ಗೊತ್ತಾಗುವುದಿಲ್ಲ.

ಈ ಔಷಧಿಗಳು ಒಂದೊಂದೂ ಮಾಡುವ ಕೆಲಸ ಬೇರೆ ಬೇರೆ. ಜೆಲುಸಿಲ್, ಡೈಜೀನ್‌ನಂಥ ಸಿರಪ್ಪುಗಳಲ್ಲಿರುವುದು ಮುಖ್ಯವಾಗಿ ಅಲ್ಯೂಮಿನಿಯಂ ಮತ್ತು ಮೆಗ್ನೀಷಿಯಂ ಹೈಡ್ರಾಕ್ಸೈಡ್. ಈನೋದಲ್ಲಿರುವುದು ಅಡುಗೆ ಸೋಡಾದ ಜಾತಿಯ ಪುಡಿ. ಇವು ಜಠರದಲ್ಲಿ ಆಗಲೇ ಇರುವ ಆಮ್ಲವನ್ನು ತಟಸ್ಥ ಮಾಡುತ್ತವೆ, ಅಷ್ಟೆ. ಕೆಲವೇ ನಿಮಿಷದಲ್ಲಿ ಹಾಯೆನಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಒಂದು ಗಂಟೆಯೂ ನಿಲ್ಲುವುದಿಲ್ಲ, ಊಟದ ಮೇಲೆ ಕುಡಿದರೆ ಎರಡು ಮೂರು ಗಂಟೆ ನಿಲ್ಲಬಹುದು. ಎರಡನೆಯ ಬಗೆ ಫ್ಯಾಮೊಟಿಡಿನ್‌ನಂಥ ಮಾತ್ರೆಗಳು. ಇವು ಆಮ್ಲ ಸುರಿಸಲು ಬರುವ ಸೂಚನೆಗಳಲ್ಲಿ ಒಂದನ್ನು ತಡೆಯುತ್ತವೆ, ಅರ್ಧ ದಿನದಷ್ಟು ಕೆಲಸ ಮಾಡುತ್ತವೆ. ದಿನಾ ತಗೊಂಡರೆ ಒಂದೆರಡು ವಾರದಲ್ಲಿ ದೇಹ ಅವಕ್ಕೆ ಒಗ್ಗಿಕೊಳ್ಳುತ್ತದೆ, ಪರಿಣಾಮ ಕುಂದುತ್ತದೆ.

ಮೂರನೆಯದು ನಮ್ಮ ಗುಮಾಸ್ತರ ಜೇಬಿನಲ್ಲಿರುವುದು: ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಬೆಪ್ರಜೋಲ್ ಗುಂಪು. ಜಠರದ ಗೋಡೆಯ ಕೋಶಗಳಲ್ಲಿ ಆಮ್ಲವನ್ನು ಹೊರಕ್ಕೆ ತಳ್ಳುವ ಪುಟ್ಟ ಪಂಪುಗಳಿವೆ. ಈ ಮಾತ್ರೆ ಆ ಪಂಪುಗಳಿಗೇ ಅಂಟಿಕೊಂಡು ಅವನ್ನು ನಿಲ್ಲಿಸಿಬಿಡುತ್ತದೆ. ಕೆಲಸ ಮಾಡುತ್ತಿರುವ ಪಂಪುಗಳಿಗೆ ಮಾತ್ರ ಅಂಟುವುದರಿಂದ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತಗೊಳ್ಳಬೇಕು. ಪೂರ್ತಿ ಪರಿಣಾಮ ಕಾಣಲು ಮೂರು ನಾಲ್ಕು ದಿನ ಬೇಕು. ಆದ್ದರಿಂದ ಉರಿ ಬಂದಾಗೊಂದು ನುಂಗುವವರಿಗೆ ಇದರಿಂದ ಅಂಥ ಪ್ರಯೋಜನವಿಲ್ಲ, ಆ ಕೆಲಸಕ್ಕೆ ಸಿರಪ್ಪೇ ಸರಿ. ಆಮ್ಲ ತಡೆಯುವುದರಲ್ಲಿ ಮಾತ್ರ ಇದಕ್ಕೆ ಸಮನಾದದ್ದು ಉಳಿದ ಎರಡರಲ್ಲಿಲ್ಲ. ಕಾನೂನಿನ ಪ್ರಕಾರ ನಮ್ಮಲ್ಲಿ ಇದಕ್ಕೆ ವೈದ್ಯರ ಚೀಟಿ ಬೇಕು. ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಇಷ್ಟು ಬಲವಾದ ಔಷಧಿಯಾದ್ದರಿಂದಲೇ ಇದು ಮರೆಮಾಚುವುದರಲ್ಲೂ ಬಲಶಾಲಿ. ಜಠರದಲ್ಲಿ ಹುಣ್ಣಾಗಿದೆ ಎಂದುಕೊಳ್ಳಿ. ತೆರೆದ ಗಾಯಕ್ಕೆ ಹುಣಸೆಹುಳಿ ತಾಕಿದರೆ ಹೇಗೋ, ಹುಣ್ಣಿಗೆ ಆಮ್ಲ ತಾಕಿದರೂ ಹಾಗೆ. ಆಮ್ಲ ಕಡಿಮೆಯಾದರೆ ಉರಿಯೂ ಕಡಿಮೆ. ಹುಣ್ಣಿಗೂ ಸ್ವಲ್ಪ ಮಾಯಲು ಬಿಡುವು ಸಿಗುತ್ತದೆ. ಆದರೆ ಹುಣ್ಣು ಮಾಡಿದ ಕಾರಣ ಹಾಗೇ ಕುಳಿತಿರುತ್ತದೆ. ಆ ಕಾರಣ ಬಹುಮಟ್ಟಿಗೆ ಎರಡರಲ್ಲಿ ಒಂದು. ಮೊದಲನೆಯದು ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಹುಣ್ಣಿಗೆ ಚಿಂತೆ ಮತ್ತು ಖಾರವೇ ಮೂಲ ಎಂದು ವೈದ್ಯರೂ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಇದನ್ನು ಪತ್ತೆಮಾಡಿದರು. ನಂಬಿಸಲು 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎರಡನೆಯ ಕಾರಣ ನೋವಿನ ಮಾತ್ರೆ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಮತ್ತು ಹೃದಯಕ್ಕೆಂದು ದಿನಾ ನುಂಗುವ ಸಣ್ಣ ಆಸ್ಪಿರಿನ್ ಇವೆಲ್ಲ ಜಠರದ ಒಳಪದರದ ರಕ್ಷಣೆಯನ್ನು ತೆಳುವಾಗಿಸುತ್ತವೆ. ಗುಮಾಸ್ತರಿಗೆ ಮಂಡಿನೋವಿತ್ತು. ವಾರಕ್ಕೆ ಮೂರು ನಾಲ್ಕು ಸಲ ಅದೇ ಅಂಗಡಿಯಿಂದ ಅಸೆಕ್ಲೊಫೆನಾಕ್ ತರಿಸುತ್ತಿದ್ದರು. ಎರಡು ಮಾತ್ರೆಗಳಿಗೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹುಣ್ಣು ಕ್ಯಾನ್ಸರಿನದಾಗಿದ್ದರೂ ಉರಿ ಕಡಿಮೆಯಾಗುತ್ತದೆ ಎಂಬುದು ಇಲ್ಲಿ ಅತ್ಯಂತ ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ. ಜಠರದ ಕ್ಯಾನ್ಸರ್ ಆರಂಭದ ಹಂತದಲ್ಲಿ, ಒಳಪದರದಲ್ಲಷ್ಟೇ ಇರುವಾಗ, ಅನೇಕ ಸಲ ಒಂದು ಸಾಮಾನ್ಯ ಹುಣ್ಣಿನ ವೇಷದಲ್ಲಿರುತ್ತದೆ. ಆಮ್ಲದ ಮಾತ್ರೆ ಬಿದ್ದಾಗ ಆ ಹುಣ್ಣಿನ ಮೇಲೆ ಹೊಸ ಪದರ ಹರಡಿ ಮುಚ್ಚಿಕೊಳ್ಳಬಹುದು, ಆಮೇಲೆ ಮತ್ತೆ ತೆರೆದುಕೊಳ್ಳಬಹುದು. ಜಪಾನಿನ ಎಂಡೋಸ್ಕೋಪಿ ತಜ್ಞರು ಈ ಮುಚ್ಚಿ ತೆರೆಯುವ ಆಟವನ್ನು ವಿವರವಾಗಿ ಗುರುತಿಸಿ ‘ಮಾರಕ ಚಕ್ರ’ ಎಂಬರ್ಥದ ಹೆಸರನ್ನೇ ಕೊಟ್ಟಿದ್ದಾರೆ. ಮುಚ್ಚಿಕೊಂಡ ವೇಳೆಯಲ್ಲಿ ಎಂಡೋಸ್ಕೋಪಿ ಮಾಡಿದರೆ ನುರಿತ ಕಣ್ಣಿಗೂ ತಪ್ಪಿಹೋಗಬಹುದು. ಉರಿ ಇರುವವರಲ್ಲಿ ಕ್ಯಾನ್ಸರ್ ಇರುವವರು ತೀರ ಕಡಿಮೆ, ಇದನ್ನು ಒತ್ತಿಯೇ ಹೇಳಬೇಕು. ಹೆಚ್ಚಿನವರಿಗೆ ಎಂಡೋಸ್ಕೋಪಿಯಲ್ಲಿ ಏನೂ ಕಾಣುವುದಿಲ್ಲ. ಆದರೆ ಆ ಕೆಲವರನ್ನು ಉಳಿದವರಿಂದ ಬೇರ್ಪಡಿಸಲು ‘ಮಾತ್ರೆಗೆ ಬಗ್ಗಿತಲ್ಲ’ ಎಂಬ ಸಾಕ್ಷಿ ಸಾಲದು.

ಹಾಗಾದರೆ ಎಷ್ಟು ದಿನ ನಾವೇ ನೋಡಿಕೊಳ್ಳಬಹುದು? ಉರಿ ಬಂದವರೆಲ್ಲ ಆಸ್ಪತ್ರೆಗೆ ಓಡಬೇಕಿಲ್ಲ. ಮದುವೆಮನೆ ಊಟದ ರಾತ್ರಿಯ ಹುಳಿತೇಗಿಗೆ ಒಂದು ಮುಚ್ಚಳ ಸಿರಪ್ಪು ಸಾಕು. ತಿಂಗಳಿಗೆ ಒಂದೆರಡು ಸಲ ಹೀಗಾಗುವವರಿಗೆ ಭಯವಿಲ್ಲ. ದಿನಾ ಅಥವಾ ದಿನ ಬಿಟ್ಟು ದಿನ ಬೇಕಾಗುತ್ತಿದ್ದರೆ ಅದಕ್ಕೆ ಗಡುವು ಎರಡು ವಾರ. ಇದು ತೋಚಿದ ಹಾಗೆ ಹೇಳಿದ ಅಂಕಿಯಲ್ಲ. ಅಮೆರಿಕದಲ್ಲಿ 2003ರಿಂದ ಒಮೆಪ್ರಜೋಲ್ ಚೀಟಿಯಿಲ್ಲದೆ ಸಿಗುತ್ತದೆ. ಆ ಪೊಟ್ಟಣದ ಮೇಲೆ ಎರಡು ಮಾತು ಸ್ಪಷ್ಟವಾಗಿ ಬರೆದಿರುತ್ತದೆ: ಸತತವಾಗಿ 14 ದಿನ ಮಾತ್ರ, ಮತ್ತೆ ಅದೇ 14 ದಿನದ ಸರದಿ ಬೇಕಾದರೆ ನಾಲ್ಕು ತಿಂಗಳು ಕಳೆದ ಮೇಲೆ. ಅದಕ್ಕಿಂತ ಬೇಗ ಬೇಕೆನಿಸಿದರೆ ವೈದ್ಯರನ್ನು ಕಾಣಿ ಎಂದು ಅರ್ಥ. ನಮ್ಮ ಅಂಗಡಿಗಳಲ್ಲಿ ಸಿಗುವ ಹತ್ತು ಮಾತ್ರೆಯ ಶೀಟಿನಲ್ಲಿ ಇಂಥ ಸೂಚನೆ ನೋಡುವ ಅವಕಾಶ ಕಡಿಮೆ, ಕತ್ತರಿಸಿ ಐದು ಮಾತ್ರೆ ಕೊಟ್ಟಾಗಲಂತೂ ಇಲ್ಲವೇ ಇಲ್ಲ.

ಆ ಎರಡನೆಯ ಮಾತು, ನಾಲ್ಕು ತಿಂಗಳ ಅಂತರ, ಮೊದಲನೆಯದಕ್ಕಿಂತ ಮುಖ್ಯ ಎಂದು ನನಗನಿಸುತ್ತದೆ. ನಮ್ಮಲ್ಲಿ ಯಾರೂ ಸತತವಾಗಿ ಮೂರು ತಿಂಗಳು ಮಾತ್ರೆ ತಗೊಂಡೆ ಎಂದುಕೊಳ್ಳುವುದಿಲ್ಲ. ಗುಮಾಸ್ತರನ್ನು ಕೇಳಿದರೂ ‘ಹತ್ತು ದಿನ ತಗೊಂಡು ಬಿಟ್ಟುಬಿಡ್ತೀನಿ’ ಎನ್ನುತ್ತಾರೆ. ಸುಳ್ಳಲ್ಲ. ಪ್ರತಿ ಸಲವೂ ಹೊಸ ಕಾಯಿಲೆ, ಪ್ರತಿ ಸಲವೂ ವಾಸಿ. ಆದರೆ ದೀಪಾವಳಿಯಿಂದ ಯುಗಾದಿಯವರೆಗೆ ಕೊಂಡ ಶೀಟುಗಳನ್ನು ಕ್ಯಾಲೆಂಡರಿನ ಮೇಲೆ ಗುರುತಿಸಿದ್ದರೆ ಆರೇಳು ಗೆರೆ ಬಿದ್ದಿರುತ್ತಿದ್ದವು, ಅವು ಹತ್ತಿರ ಹತ್ತಿರ ಬರುತ್ತಿರುವುದೂ ಕಾಣುತ್ತಿತ್ತು. ಮೊದಲ ಎರಡು ಶೀಟಿನ ನಡುವೆ ಎರಡು ವಾರ ಬಿಡುವಿತ್ತು, ಕೊನೆಯ ಎರಡರ ನಡುವೆ ಮೂರು ದಿನ. ಮಾತ್ರೆ ಕೊಂಡ ದಿನ ಗೋಡೆಯ ಪಂಚಾಂಗದಲ್ಲಿ ಒಂದು ಚುಕ್ಕಿ ಇಡುವುದು ಯಾರಿಗೂ ಕಷ್ಟದ ಕೆಲಸವಲ್ಲ. ನಾಲ್ಕು ತಿಂಗಳೊಳಗೆ ಎರಡನೆಯ ಸರದಿ ಬಂದರೆ ಅಲ್ಲಿಗೆ ಸ್ವಂತ ವೈದ್ಯ ಮುಗಿಯಿತು.

ಇನ್ನು ವೈದ್ಯರ ಲೆಕ್ಕ ಬೇರೆ. ಎದೆಯುರಿ, ಹುಳಿನೀರು ಬಾಯಿಗೆ ಬರುವುದು ಇಂಥ ಸ್ಪಷ್ಟ ಲಕ್ಷಣಗಳಿದ್ದು ಅಪಾಯದ ಸೂಚನೆ ಇಲ್ಲದವರಿಗೆ ಅವರು ದಿನಕ್ಕೊಂದರಂತೆ ಎಂಟು ವಾರದವರೆಗೆ ಮಾತ್ರೆ ಕೊಟ್ಟು ನೋಡಬಹುದು. ಅದು ಸರಿಯಾದ ಚಿಕಿತ್ಸೆಯೇ. ಎಂಟು ವಾರದಲ್ಲೂ ಪೂರ್ತಿ ಬಗ್ಗದಿದ್ದರೆ, ಅಥವಾ ನಿಲ್ಲಿಸಿದೊಡನೆ ತಿರುಗಿ ಬಂದರೆ, ಎಂಡೋಸ್ಕೋಪಿ. ಎದೆಯುರಿಗಿಂತ ಹೊಟ್ಟೆಯ ಮೇಲ್ಭಾಗದ ನೋವು, ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದೇ ಹೆಚ್ಚಾಗಿರುವ ಕಿರಿಯರಿಗೆ ಮೊದಲು ಪೈಲೊರಿ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಎರಡು ವಾರ, ವೈದ್ಯರ ಕಣ್ಣಿನಡಿ ಎಂಟು ವಾರ ಎಂಬ ಈ ವ್ಯತ್ಯಾಸಕ್ಕೆ ಕಾರಣವಿದೆ. ವೈದ್ಯರು ಶುರುಮಾಡುವ ಮೊದಲು ಕೆಲವು ಪ್ರಶ್ನೆ ಕೇಳಿರುತ್ತಾರೆ. ಮೆಡಿಕಲ್ ಶಾಪಿನಲ್ಲಿ ಆ ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ.

ಆ ಪ್ರಶ್ನೆಗಳಲ್ಲಿ ಒಂದಕ್ಕೆ ‘ಹೌದು’ ಎಂದರೂ ಎರಡು ವಾರದ ಗಡುವು ಅನ್ವಯಿಸುವುದಿಲ್ಲ, ಮೊದಲ ದಿನವೇ ಪರೀಕ್ಷೆಗೆ ಹೋಗಬೇಕು. ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆಯೆ? ಮೊದಲು ಮುದ್ದೆ, ರೊಟ್ಟಿ ಇಳಿಯದೆ, ಆಮೇಲೆ ಅನ್ನವೂ ಇಳಿಯದೆ, ಬರೀ ಗಂಜಿ ಇಳಿಯುವ ಸ್ಥಿತಿ ಬಂದರೆ ಅದು ಅನ್ನನಾಳದ ತೊಂದರೆ. ಎಲೆಅಡಿಕೆ, ತಂಬಾಕು, ಬೀಡಿ ಅಭ್ಯಾಸವಿರುವವರು ಇದನ್ನು ಒಂದು ವಾರವೂ ತಳ್ಳಬಾರದು. ಅನ್ನನಾಳದ ಕ್ಯಾನ್ಸರ್ ನಮ್ಮಲ್ಲಿ ಹೆಚ್ಚಾಗಿ ಈ ದಾರಿಯಲ್ಲೇ ಬರುತ್ತದೆ. ಪ್ರಯತ್ನಪಡದೆ ತೂಕ ಇಳಿದಿದೆಯೆ? ಮತ್ತೆ ಮತ್ತೆ ವಾಂತಿಯೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಕಂಡಿದೆಯೆ? ಮಲ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ಬೇರೆಯದೇ ದುರ್ವಾಸನೆಯಿಂದ ಹೋಗಿದೆಯೆ? ರಕ್ತಹೀನತೆ ಇದೆಯೆ? ಹೆತ್ತವರಲ್ಲಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿತ್ತೆ?

ವಯಸ್ಸೂ ಒಂದು ಸೂಚನೆ. ಅಮೆರಿಕದ ತಜ್ಞರು 60 ದಾಟಿದವರಿಗೆ ಹೊಟ್ಟೆಯ ಮೇಲ್ಭಾಗದ ತೊಂದರೆ ಹೊಸದಾಗಿ ಶುರುವಾದರೆ ಎಂಡೋಸ್ಕೋಪಿ ಮಾಡಿ ಎನ್ನುತ್ತಾರೆ. ಬ್ರಿಟನ್ನಿನಲ್ಲಿ 55 ದಾಟಿದ್ದು ತೂಕವೂ ಇಳಿದಿದ್ದರೆ ತುರ್ತಾಗಿ ಮಾಡಿ ಎನ್ನುತ್ತಾರೆ. ಜಠರದ ಕ್ಯಾನ್ಸರ್ ಕಿರಿಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಕಡೆ ವೈದ್ಯರು ಈ ಗೆರೆಯನ್ನು ಇನ್ನೂ ಕೆಳಗೆ ಎಳೆಯುತ್ತಾರೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಈ ಕ್ಯಾನ್ಸರ್ ಹೆಚ್ಚು. ಹಾಗಾಗಿ 45 ದಾಟಿದವರಿಗೆ ಮೊದಲ ಬಾರಿಗೆ ಉರಿ ಶುರುವಾಗಿ ಎರಡು ವಾರದಲ್ಲಿ ಹೋಗದಿದ್ದರೆ ವಿದೇಶದ ಗೆರೆ ಮುಟ್ಟುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಇಪ್ಪತ್ತೈದರಿಂದಲೂ ಉರಿ ಇದ್ದವರದು ಒಂದು ಲೆಕ್ಕ, ಐವತ್ತರಲ್ಲಿ ಹೊಸದಾಗಿ ಬಂದವರದು ಇನ್ನೊಂದು.

ಇಷ್ಟು ಹೊತ್ತು ಹೊಟ್ಟೆಯ ಮಾತಾಯಿತು. ಹೊಟ್ಟೆಯದೇ ಅಲ್ಲದ ‘ಗ್ಯಾಸ್’ ಒಂದಿದೆ, ಅದಕ್ಕೆ ವಾರದ ಲೆಕ್ಕವಿಲ್ಲ, ನಿಮಿಷದ ಲೆಕ್ಕ. ಹೃದಯದ ಕೆಳಭಾಗ ವಪೆಯ ಮೇಲೆ ಕುಳಿತಿದೆ, ವಪೆಯ ಕೆಳಗೇ ಜಠರ. ಆ ಭಾಗಕ್ಕೆ ರಕ್ತ ನಿಂತಾಗ ನೋವು ಎದೆಗಿಂತ ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಬಹುದು. ಜೊತೆಗೆ ವಾಕರಿಕೆ, ತೇಗು. ಈನೋ ಕುಡಿದರೆ ತೇಗು ಬರುತ್ತದೆ, ತೇಗು ಬಂದರೆ ಹಗುರಾದಂತೆನಿಸುತ್ತದೆ, ಹಗುರಾದದ್ದರಿಂದ ಗ್ಯಾಸೇ ಎಂದು ಮಲಗಿಬಿಡುತ್ತಾರೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆಂಟಾಸಿಡ್ ಕುಡಿಸಿದಾಗ ನೋವು ಕಡಿಮೆಯಾಯಿತೆಂದು ಹೃದಯಾಘಾತ ಅಲ್ಲವೆನ್ನುವಂತಿಲ್ಲ ಎಂಬುದು ವೈದ್ಯಕೀಯ ಕಲಿಯುವವರಿಗೆ ಹೇಳಿಕೊಡುವ ಪಾಠ. ಉರಿಯ ಜೊತೆ ತಣ್ಣನೆಯ ಬೆವರು, ಉಬ್ಬಸ, ದವಡೆ ಅಥವಾ ತೋಳಿಗೆ ಹರಡುವ ನೋವು ಇದ್ದರೆ, ಅಥವಾ ಮೆಟ್ಟಿಲು ಹತ್ತುವಾಗ ಬಂದು ಕುಳಿತರೆ ಹೋಗುವ ‘ಗ್ಯಾಸ್’ ಆಗಿದ್ದರೆ, ಕೂಡಲೇ ಇಸಿಜಿ ಆಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಇದು ಬರುತ್ತದೆ. ಒಂದು ಇಸಿಜಿ ಸರಿಯಾಗಿದೆ ಎಂದಾಕ್ಷಣ ಮನೆಗೆ ಹೊರಡಬೇಡಿ. ನೋವು ಮುಂದುವರಿದರೆ ಮತ್ತೊಂದು ಇಸಿಜಿ ಮತ್ತು ಟ್ರೊಪೊನಿನ್ ಎಂಬ ರಕ್ತಪರೀಕ್ಷೆ ಆಗುವವರೆಗೆ ಅಲ್ಲೇ ಇರಬೇಕು.

ಗುಮಾಸ್ತರ ಹೃದಯ ಚೆನ್ನಾಗಿತ್ತು. ಅವರ ತೊಂದರೆ ಬೇರೆ ಬಾಗಿಲಿನಿಂದ ಗೊತ್ತಾಯಿತು. ಮಂಡಿಯ ಮೇಲಿನ ಅಟ್ಟಕ್ಕೆ ಹತ್ತುವಾಗ ಏದುಸಿರು ಬರತೊಡಗಿತು. ವಯಸ್ಸಾಯಿತು ಎಂದುಕೊಂಡರು. ಪ್ಯಾಂಟು ಸಡಿಲವಾಯಿತು. ಉರಿಗೆ ಹೆದರಿ ರಾತ್ರಿಯೂಟ ಕಡಿಮೆ ಮಾಡಿದ್ದರಿಂದ ಎಂದುಕೊಂಡರು. ಅಪಾಯದ ಸೂಚನೆಗಳೆಲ್ಲ ಹೀಗೇ, ಬರುವಾಗಲೇ ಕೈಯಲ್ಲೊಂದು ಸಮಾಧಾನ ಹಿಡಿದುಕೊಂಡು ಬರುತ್ತವೆ. ಕೊನೆಗೆ ಹೆಂಡತಿ, ‘ರೀ, ಮುಖ ಬಿಳಚಿಕೊಂಡಿದೆ, ಮಾತ್ರೆ ಸಾಕು ಮಾಡಿ, ಡಾಕ್ಟರ ಹತ್ರ ನಡೀರಿ’ ಎಂದು ಹೊರಡಿಸಿದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6. ಗಂಡಸರಿಗೆ 13ಕ್ಕಿಂತ ಮೇಲಿರಬೇಕು. ಕೆಂಪು ರಕ್ತಕಣಗಳು ಚಿಕ್ಕದಾಗಿದ್ದವು, ಅಂದರೆ ಕಬ್ಬಿಣದ ಕೊರತೆ. ಮುಟ್ಟಾಗುವ ಹೆಂಗಸರಲ್ಲಿ ಇದಕ್ಕೆ ಹಲವು ಕಾರಣವಿರಬಹುದು. ಐವತ್ತು ದಾಟಿದ ಗಂಡಸಿನಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ವೈದ್ಯರು ಕೇಳಿದ ಮೇಲೆ ನೆನಪಾಯಿತು: ಸಂಕ್ರಾಂತಿಯ ಆಸುಪಾಸಿನಲ್ಲಿ ಎರಡು ಮೂರು ದಿನ ಮಲ ಕಪ್ಪಗೆ ಹೋಗಿತ್ತು. ಎಳ್ಳು ಜಾಸ್ತಿ ತಿಂದದ್ದಕ್ಕೆ ಎಂದು ಮರೆತಿದ್ದರು.

ಎಂಡೋಸ್ಕೋಪಿ ಎಂದಾಗ ಗಾಬರಿಯಾದರು. ಗಾಬರಿಪಡುವಂಥದ್ದಲ್ಲ. ರಾತ್ರಿಯೂಟದ ನಂತರ ಏನೂ ತಿನ್ನದೆ ಬೆಳಿಗ್ಗೆ ಹೋಗಬೇಕು. ಗಂಟಲು ಮರಗಟ್ಟಲು ಔಷಧಿ ಸಿಂಪಡಿಸುತ್ತಾರೆ, ಎಡಮಗ್ಗುಲಾಗಿ ಮಲಗಿಸಿ ಕಿರುಬೆರಳಿನಷ್ಟು ದಪ್ಪದ ಕೊಳವೆ ಇಳಿಸುತ್ತಾರೆ. ಐದರಿಂದ ಹತ್ತು ನಿಮಿಷ. ಉಸಿರಾಟಕ್ಕೆ ಅಡ್ಡಿಯಾಗುವುದಿಲ್ಲ, ಓಕರಿಕೆ ಬರುತ್ತದೆ. ಬೇಕೆಂದವರಿಗೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ಆಗ ಆ ದಿನ ಗಾಡಿ ಓಡಿಸಬಾರದು. ಗುಮಾಸ್ತರ ಜಠರದ ಒಳಬಾಗಿನ ಕಡೆ ಒಂದು ಸೆಂಟಿಮೀಟರಿಗಿಂತ ತುಸು ದೊಡ್ಡ ಹುಣ್ಣಿತ್ತು, ಅಂಚು ಅರ್ಧ ಮಾಯುತ್ತಿತ್ತು. ಐದು ತಿಂಗಳ ಮಾತ್ರೆಯ ಫಲವೇ ಅದು: ಉರಿ ಕಾಣದಷ್ಟು ಮಾಯುತ್ತಿತ್ತು, ರಕ್ತ ನಿಲ್ಲುವಷ್ಟು ಮಾಯುತ್ತಿರಲಿಲ್ಲ. ಅಂಚಿನ ಸುತ್ತಲಿಂದ ಆರೇಳು ಚೂರು ಬಯಾಪ್ಸಿಗೆ ತೆಗೆದರು. ಒಂದೇ ಚೂರು ತೆಗೆದರೆ ಕ್ಯಾನ್ಸರ್ ಇರುವ ಜಾಗ ಬಿಟ್ಟುಹೋಗಬಹುದು. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ.

ಅದೇ ಹೊತ್ತಿಗೆ ಮಾಡಿದ ಪೈಲೊರಿ ಪರೀಕ್ಷೆಯೂ ‘ಇಲ್ಲ’ ಎಂದೇ ಬಂತು. ಅದನ್ನು ವೈದ್ಯರು ನಂಬಲಿಲ್ಲ. ಆಮ್ಲದ ಮಾತ್ರೆ ತಗೊಳ್ಳುತ್ತಿರುವವರ ಜಠರದಲ್ಲಿ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಆದರೆ ಸಂಖ್ಯೆ ಕುಗ್ಗಿ ಪರೀಕ್ಷೆಯ ಕೈಗೆ ಸಿಗದಂತಾಗುತ್ತದೆ. ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ, ಬಯಾಪ್ಸಿಯ ಚೂರಿನ ಪರೀಕ್ಷೆ ಮೂರಕ್ಕೂ ಇದು ನಿಜ. ಆದ್ದರಿಂದ ಪರೀಕ್ಷೆಗೆ ಎರಡು ವಾರ ಮೊದಲು ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆ ನಿಲ್ಲಿಸಿರಬೇಕು, ನಾಲ್ಕು ವಾರದಿಂದ ಯಾವುದೇ ಆಂಟಿಬಯಾಟಿಕ್ ತಗೊಂಡಿರಬಾರದು. ನಡುವೆ ಉರಿ ತಡೆಯದಿದ್ದರೆ ಸಾದಾ ಸಿರಪ್ಪು ಕುಡಿಯಬಹುದೇ ಎಂದು ವೈದ್ಯರನ್ನೇ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಎಷ್ಟೋ ಜನ ಬೆಳಿಗ್ಗೆ ಮಾತ್ರೆ ನುಂಗಿಯೇ ಲ್ಯಾಬಿಗೆ ಹೋಗಿ, ‘ಇಲ್ಲ’ ಎಂಬ ವರದಿ ಹಿಡಿದು ನೆಮ್ಮದಿಯಿಂದ ಬರುತ್ತಾರೆ. ನೀವು ಅಂಗಡಿಯಿಂದ ತರಿಸಿಕೊಂಡ ಮಾತ್ರೆ ವೈದ್ಯರ ಚೀಟಿಯಲ್ಲಿರುವುದಿಲ್ಲ, ಅವರಿಗೆ ಗೊತ್ತಾಗುವುದೂ ಇಲ್ಲ. ಖಾಲಿ ಶೀಟುಗಳನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಮೇಜಿನ ಮೇಲಿಡುವುದು ಒಳ್ಳೆಯದು, ನೋವಿನ ಮಾತ್ರೆಯ ಶೀಟನ್ನೂ ಸೇರಿಸಿ.

ಹಾಗೆಂದು ರಕ್ತ ಸೋರುತ್ತಿದ್ದ ಹುಣ್ಣಿಗೆ ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡುವಂತಿರಲಿಲ್ಲ. ಗುಮಾಸ್ತರಿಗೆ ಮೊದಲು ಎಂಟು ವಾರ ತಪ್ಪದೆ ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ, ಅಸೆಕ್ಲೊಫೆನಾಕ್ ಬಂದ್. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಗಟ್ಟಿಯಾಗಿರುತ್ತದೆ, ಡಾಂಬರಿನಂತೆ ಅಂಟುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಎಂಟು ವಾರದ ನಂತರ ಮತ್ತೊಂದು ಎಂಡೋಸ್ಕೋಪಿ. ‘ಉರಿಯೇ ಇಲ್ಲವಲ್ಲ, ಇನ್ಯಾಕೆ?’ ಎಂದು ಕೇಳುವುದು ಸಹಜ. ಜಠರದ ಹುಣ್ಣು ಪೂರ್ತಿ ಮಾಯಿತೆಂದು ಕಣ್ಣಾರೆ ನೋಡಿ, ಕಲೆಯಿಂದಲೂ ಒಂದೆರಡು ಚೂರು ತೆಗೆಯುವುದು ಆ ಮುಚ್ಚಿ ತೆರೆಯುವ ಕ್ಯಾನ್ಸರನ್ನು ಬಿಟ್ಟುಬಿಡದಿರಲು. ಸಣ್ಣಕರುಳಿನ ಆರಂಭದಲ್ಲಿ ಆಗುವ ಹುಣ್ಣು ಕ್ಯಾನ್ಸರ್ ಆಗಿರುವುದು ತೀರ ಅಪರೂಪವಾದ್ದರಿಂದ ಅಂಥವರಿಗೆ ಸಾಮಾನ್ಯವಾಗಿ ಎರಡನೆಯ ಸಲ ಬೇಕಾಗುವುದಿಲ್ಲ. ಗುಮಾಸ್ತರ ಹುಣ್ಣು ಮಾಯ್ದು ಬಿಳಿ ಕಲೆಯಾಗಿತ್ತು. ಆಮೇಲೆ ಎರಡು ವಾರ ಮಾತ್ರೆ ನಿಲ್ಲಿಸಿ ಮಲದ ಪರೀಕ್ಷೆ ಮಾಡಿದರು. ಈ ಸಲ ಪೈಲೊರಿ ಇತ್ತು. ಎರಡು ಆಂಟಿಬಯಾಟಿಕ್, ಬಿಸ್ಮತ್ ಮತ್ತು ಆಮ್ಲದ ಮಾತ್ರೆ, ನಾಲ್ಕೂ ಸೇರಿ 14 ದಿನ. ಬಾಯಿ ಕಹಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ, ಐದನೆಯ ದಿನ ಬಿಟ್ಟುಬಿಡೋಣ ಎನಿಸುತ್ತದೆ. ಬಿಟ್ಟರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತದೆ, ಮುಂದಿನ ಚಿಕಿತ್ಸೆ ಇನ್ನೂ ಕಷ್ಟ. ಮುಗಿದು ನಾಲ್ಕು ವಾರವಾದ ಮೇಲೆ ಮತ್ತೆ ಪರೀಕ್ಷೆ ಮಾಡಿ ಹೋಗಿದೆ ಎಂದು ಖಾತ್ರಿಪಡಿಸಿಕೊಂಡರು.

ಮಾತ್ರೆ ನಿಲ್ಲಿಸಿದ ಮೊದಲ ವಾರ ಅವರಿಗೆ ಮತ್ತೆ ಉರಿ ಬಂತು. ಹುಣ್ಣು ತಿರುಗಿ ಬಂತೆಂದು ಹೆದರಿದರು. ಇದು ಬೇರೆ ಸಂಗತಿ. ವಾರಗಟ್ಟಲೆ ಪಂಪುಗಳನ್ನು ನಿಲ್ಲಿಸಿಟ್ಟಾಗ ದೇಹ ಆಮ್ಲ ಸಾಲದೆಂದು ತಿಳಿದು ಆಮ್ಲ ಸುರಿಸುವ ಸಿದ್ಧತೆ ಹೆಚ್ಚಿಸಿಕೊಳ್ಳುತ್ತದೆ. ಮಾತ್ರೆ ನಿಂತೊಡನೆ ಮೊದಲಿಗಿಂತ ಹೆಚ್ಚು ಆಮ್ಲ ಬರುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ 120 ಆರೋಗ್ಯವಂತರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರ ಈ ಜಾತಿಯ ಮಾತ್ರೆ, ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. ನಿಲ್ಲಿಸಿದ ಮೇಲಿನ ನಾಲ್ಕು ವಾರದಲ್ಲಿ ನಿಜವಾದ ಮಾತ್ರೆ ತಗೊಂಡವರಲ್ಲಿ ಶೇ. 44 ಮಂದಿಗೆ ಉರಿ, ಹುಳಿತೇಗು ಕಾಣಿಸಿತು, ಹುಸಿ ಮಾತ್ರೆಯವರಲ್ಲಿ ಶೇ. 15. ಕಾಯಿಲೆಯೇ ಇಲ್ಲದವರಿಗೆ ಮಾತ್ರೆ ಬಿಟ್ಟದ್ದರಿಂದಲೇ ಉರಿ ಬಂತು. ನಮ್ಮ ಎಷ್ಟೋ ಜನ ವರ್ಷಗಟ್ಟಲೆ ಮಾತ್ರೆಗೆ ಕಟ್ಟುಬಿದ್ದಿರುವುದು ಈ ಕಾರಣಕ್ಕೇ ಇರಬಹುದು: ಬಿಟ್ಟರೆ ಉರಿ, ಉರಿಗೆ ಮತ್ತೆ ಮಾತ್ರೆ.

ಹಾಗಾಗಿ ನಿಲ್ಲಿಸಿದ ಮೇಲಿನ ಉರಿ ಒಂದರಿಂದಲೇ ಒಳಗೆ ಏನೋ ಇದೆ ಎನ್ನಲೂ ಆಗದು, ಏನೂ ಇಲ್ಲ ಎನ್ನಲೂ ಆಗದು. ವ್ಯತ್ಯಾಸ ಕಾಣುವುದು ಅದು ಹೋಗುವ ದಿಕ್ಕಿನಲ್ಲಿ. ಮಾತ್ರೆ ಬಿಟ್ಟದ್ದರ ಉರಿ ಮೊದಲ ಎರಡು ವಾರದಲ್ಲಿ ಜೋರಾಗಿದ್ದು ಆಮೇಲೆ ದಿನೇ ದಿನೇ ತಗ್ಗುತ್ತದೆ, ಸಿರಪ್ಪಿಗೆ ಬಗ್ಗುತ್ತದೆ. ಹಸಿವು, ತೂಕ ಹಾಗೇ ಇರುತ್ತವೆ. ನಾಲ್ಕು ವಾರ ಕಳೆದರೂ ತಗ್ಗದಿದ್ದರೆ, ಅಥವಾ ಏರುತ್ತಲೇ ಹೋದರೆ, ಪರೀಕ್ಷೆ ಆಗಿರದವರು ಆಗ ಮಾಡಿಸಿಕೊಳ್ಳಬೇಕು. ಬಹಳ ದಿನದಿಂದ ತಗೊಳ್ಳುತ್ತಿದ್ದವರು ಒಮ್ಮೆಲೇ ಬಿಡುವ ಬದಲು ದಿನ ಬಿಟ್ಟು ದಿನಕ್ಕೆ ಇಳಿಸಿ, ಎರಡು ಮೂರು ವಾರದಲ್ಲಿ ಬಿಟ್ಟರೆ ಕೆಲವರಿಗೆ ಸುಲಭವಾಗುತ್ತದೆ.

ಆದರೆ ಹೀಗೆ ಬಿಡಬಾರದವರೂ ಇದ್ದಾರೆ. ಅನ್ನನಾಳದಲ್ಲಿ ತೀವ್ರ ಹುಣ್ಣಾಗಿದೆ ಎಂದು ಎಂಡೋಸ್ಕೋಪಿಯಲ್ಲಿ ಕಂಡವರು, ಹಿಂದೆ ಹುಣ್ಣಿನಿಂದ ರಕ್ತ ಸೋರಿದ್ದು ಈಗಲೂ ಆಸ್ಪಿರಿನ್ ಬಿಡುವಂತಿಲ್ಲದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ತಗೊಳ್ಳುತ್ತಿರುವವರು. ಇವರಿಗೆ ಆಮ್ಲದ ಮಾತ್ರೆ ಕೊಡುವುದು ಉರಿ ಮರೆಮಾಚಲಿಕ್ಕಲ್ಲ, ಗೊತ್ತಿರುವ ಅಪಾಯದಿಂದ ಕಾಯಲಿಕ್ಕೆ. ವರ್ಷಕ್ಕೊಮ್ಮೆ ಅದು ಇನ್ನೂ ಬೇಕೆ, ಪ್ರಮಾಣ ಕಡಿಮೆ ಮಾಡಬಹುದೆ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಬಹಳ ವರ್ಷ ತಗೊಂಡರೆ ಬಿ12 ಮತ್ತು ಮೆಗ್ನೀಷಿಯಂ ಕಡಿಮೆಯಾಗುವ ಸಂಭವವಿರುವುದರಿಂದ ಆ ಎರಡರ ರಕ್ತಪರೀಕ್ಷೆ ಬೇಕೆ ಎಂಬುದನ್ನೂ ಆಗಲೇ ಕೇಳಿಕೊಳ್ಳಬಹುದು.